ಲಾಭ ಇದೆ, ಆದರೂ ನಷ್ಟ

“ಕಂಪನಿಗೆ 15 ಕೋಟಿ ಲಾಭ ಬಂದಿದೆ ಅಂತ ಅವರೇ ಬರೆದಿದ್ದಾರೆ. ನೀವ್ಯಾಕೆ ನಷ್ಟ ಅಂತೀರಿ?”

ಯಾಕಂದರೆ ಆ ಲೆಕ್ಕದಲ್ಲಿ ಸಾಲ ಕೊಟ್ಟವರ ಬಡ್ಡಿ ಕಳೆದಿದ್ದಾರೆ, ಷೇರಿಗೆ ಹಾಕಿದ ನಿಮ್ಮ ದುಡ್ಡಿನ ಬಡ್ಡಿ ಕಳೆದಿಲ್ಲ. ಸ್ವಂತ ಮಳಿಗೆಯಲ್ಲಿ ಅಂಗಡಿ ಇಟ್ಟವನು ಬಾಡಿಗೆ ಲೆಕ್ಕಕ್ಕೇ ಹಿಡಿಯದೆ “ಒಳ್ಳೆ ಲಾಭ” ಅಂತಾನಲ್ಲ, ಹಾಗೆ. ಇಷ್ಟು ಹೇಳಿದರೆ ಸಾಕಿತ್ತು. ಆದರೆ ಕೇಳುವವರು ಯಾವಾಗಲೂ “ಸುಮ್ನೆ ಲೆಕ್ಕ ತಿರುಚಬೇಡಿ” ಅನ್ನುವ ಧಾಟಿಯಲ್ಲೇ ಕೇಳುತ್ತಾರೆ. ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಇತ್ತೀಚೆಗೆ ಮದುವೆ ಊಟದ ಪಂಕ್ತಿಯಲ್ಲಿ ಸಿಕ್ಕಿದ್ದು ನಮ್ಮ ಭಾವ. ತಾವು ಷೇರು ಇಟ್ಟುಕೊಂಡಿರುವ ಒಂದು ಕಂಪನಿಯ ಅಂಕಿಗಳು ಅವರಿಗೆ ಬಾಯಿಪಾಠ. ಲೆಕ್ಕ ಸುಲಭವಾಗಲಿ ಅಂತ ಅವನ್ನು ಇಲ್ಲಿ ದುಂಡಗೆ ಮಾಡಿದ್ದೇನೆ. ಷೇರುದಾರರ ಬಂಡವಾಳ 120 ಕೋಟಿ, ಸಾಲ 80 ಕೋಟಿ, ಒಟ್ಟು 200. ಬಡ್ಡಿ, ತೆರಿಗೆ ಎರಡಕ್ಕೂ ಮೊದಲಿನ ಲಾಭ 28 ಕೋಟಿ. ಸಾಲದ ಬಡ್ಡಿ ಶೇ 10, ಅಂದರೆ 8 ಕೋಟಿ. ಉಳಿದ 20ರಲ್ಲಿ ಶೇ 25 ತೆರಿಗೆ ಹೋದರೆ 15. ಅವರು ಎದೆ ತಟ್ಟಿಕೊಂಡು ಹೇಳುವ ಲಾಭ ಇದೇ.

ಸಾಲ ಕೊಟ್ಟವರು, ಷೇರುದಾರರು ಇಬ್ಬರ ನಿರೀಕ್ಷೆಯನ್ನೂ ಸೇರಿಸಿ ಒಟ್ಟು ಬಂಡವಾಳದ ಮೇಲಿನ ದರ ಶೇ 12 ಅಂತಿಟ್ಟುಕೊಳ್ಳಿ. 200 ಕೋಟಿಗೆ 24 ಕೋಟಿ. ಇದೇ ಕ್ಯಾಪಿಟಲ್ ಚಾರ್ಜ್. ಭಾವ ಅಲ್ಲೇ ಫೋನ್ ತೆಗೆದು 15ರಲ್ಲಿ 24 ಕಳೆದರು. “ಮೈನಸ್ 9 ಅಂತೆ! ಹಾಗಿದ್ರೆ ಕಂಪನಿ ಮುಚ್ಚಬೇಕಲ್ಲೋ?”

ಪರೀಕ್ಷೆ ಪೇಪರುಗಳಲ್ಲೂ ಜಾಸ್ತಿ ಕಾಣುವ ತಪ್ಪು ಇದೇ. ಆ 24ರ ಒಳಗೆ ಸಾಲದ ಪಾಲೂ ಇದೆ. 15 ಬಂದಿರುವುದೇ ಬಡ್ಡಿ ಕಳೆದ ಮೇಲೆ. ಒಂದೇ ಬಡ್ಡಿಯನ್ನು ಎರಡು ಸಲ ಕಳೆದ ಹಾಗಾಯಿತು. ಬಡ್ಡಿ ಮುಟ್ಟದ 28 ಕೋಟಿಯಿಂದಲೇ ಶುರು ಮಾಡಬೇಕು. ಅದರಲ್ಲಿ ಶೇ 25 ತೆರಿಗೆ ತೆಗೆದರೆ 21. ಇದಕ್ಕೆ ನೋಪ್ಯಾಟ್ ಅಂತಾರೆ. 21ರಲ್ಲಿ 24 ಹೋದರೆ ಮೈನಸ್ 3 ಕೋಟಿ. ಇವಿಎ ಅಂದರೆ ಇದು.

ಸರಿ ಇದೆಯಾ ಅಂತ ನೋಡಲು ಇನ್ನೊಂದು ದಾರಿ ಇದೆ. ಷೇರುದಾರರು ಶೇ 15 ನಿರೀಕ್ಷಿಸಿದರೆ 120 ಕೋಟಿಗೆ 18 ಆಗಬೇಕು. ಸಿಕ್ಕಿದ್ದು 15. ಕೊರತೆ ಅದೇ 3 ಕೋಟಿ.

ಈ ಶೇ 15 ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಅಲ್ಲೇ. ಶೇ 12ರ ಒಳಗೆ ಷೇರುದಾರರ 15ರಲ್ಲಿ ಶೇ 60 ಪಾಲು, ಅಂದರೆ 9, ಸೇರಿದೆ. ತೆರಿಗೆ ಉಳಿತಾಯ ಕಳೆದರೆ ಸಾಲದ ದರ 7.5. ಅದರಲ್ಲಿ ಶೇ 40 ಪಾಲು 3. ಸಾಲದ ದರ ಬ್ಯಾಂಕಿನ ಕಾಗದದಲ್ಲೇ ಇರುತ್ತದೆ. ಷೇರುದಾರರ ದರ ಎಲ್ಲೂ ಬರೆದಿರುವುದಿಲ್ಲ. ಸರ್ಕಾರಿ ಬಾಂಡಿನ ಬಡ್ಡಿಯ ಮೇಲೆ ಷೇರಿನ ಅಪಾಯಕ್ಕೆ ಇಷ್ಟು ಅಂತ ಸೇರಿಸಿ ಅಂದಾಜು ಮಾಡಬೇಕು. 15ರ ಬದಲು 12.5 ಹಿಡಿದರೆ ಒಟ್ಟು ದರ ಶೇ 10.5 ಆಗುತ್ತದೆ, ಚಾರ್ಜ್ 21 ಕೋಟಿ, ಇವಿಎ ಸೊನ್ನೆ. ನಷ್ಟ ಮಾಯ! ಇನ್ಫೋಸಿಸ್ ಹಿಂದೆ ತನ್ನ ವಾರ್ಷಿಕ ವರದಿಗಳಲ್ಲಿ ಇವಿಎ ಲೆಕ್ಕ ಕೊಡುತ್ತಿತ್ತು. ಅಂಥದ್ದು ಕೈಗೆ ಸಿಕ್ಕಾಗ ನಾನು ಮೊದಲು ನೋಡುವುದು ಕೊನೆಯ ಸಾಲನ್ನಲ್ಲ, ಈ ದರವನ್ನು.

ಭಾವ ಬಿಡಲಿಲ್ಲ. “ಹಾಗಿದ್ರೆ ಮಾರ್ಕೆಟ್‌ನವರು ದಡ್ಡರಾ? 10 ರೂಪಾಯಿ ಷೇರು 12.50ಕ್ಕೆ ಹೋಗ್ತಿದೆ!”

12 ಕೋಟಿ ಷೇರು, ತಲಾ 12.50. ಒಟ್ಟು 150 ಕೋಟಿ. ಹಾಕಿದ್ದು 120. ಸಾಲದ ಬೆಲೆ ಹಾಗೇ ಇದೆ ಅಂದುಕೊಂಡರೆ ಎಂವಿಎ, ಅಂದರೆ ಹಾಕಿದ ದುಡ್ಡಿಗಿಂತ ಮಾರುಕಟ್ಟೆ ಹೆಚ್ಚು ಕಟ್ಟಿದ ಬೆಲೆ, ಪ್ಲಸ್ 30 ಕೋಟಿ. ಇವಿಎ ಮೈನಸ್, ಎಂವಿಎ ಪ್ಲಸ್. ಇದರಲ್ಲಿ ಜಗಳ ಏನಿಲ್ಲ. ಇವಿಎ ಹೋದ ವರ್ಷದ್ದು. ಎಂವಿಎ ಮುಂದಿನ ಎಲ್ಲ ವರ್ಷಗಳ ಇವಿಎ ಬಗ್ಗೆ ಮಾರುಕಟ್ಟೆ ಇಟ್ಟಿರುವ ನಂಬಿಕೆಯ ಇವತ್ತಿನ ಬೆಲೆ.

ಭಾವ ಕೇಳಬೇಕಿದ್ದ ಪ್ರಶ್ನೆ ಬೇರೆ: ಆ 12.50 ಸರಿಯಾಗಬೇಕಾದರೆ ಕಂಪನಿ ಎಷ್ಟು ದುಡಿಯಬೇಕು? ಮೈನಸ್ 3 ಹೀಗೇ ಮುಂದುವರಿದರೆ ಎಂವಿಎ ಮೈನಸ್ 3 ಭಾಗಿಸು 0.12, ಅಂದರೆ ಮೈನಸ್ 25 ಕೋಟಿ. ಆಗ ಷೇರಿನ ಬೆಲೆ 8 ರೂಪಾಯಿಗಿಂತ ಕಡಿಮೆ. ಪ್ಲಸ್ 30 ನಿಲ್ಲಬೇಕಾದರೆ ವರ್ಷ ವರ್ಷವೂ 3.6 ಕೋಟಿ ಇವಿಎ ಬರಬೇಕು. ನೋಪ್ಯಾಟ್ 21ರಿಂದ 27.6ಕ್ಕೆ ಏರಬೇಕು. ತೆರಿಗೆಗೆ ಮೊದಲಿನ ಲೆಕ್ಕದಲ್ಲಿ 28 ಕೋಟಿ ಇದ್ದದ್ದು 36.8 ಆಗಬೇಕು. ಅದೂ ಹೊಸ ಬಂಡವಾಳ ಒಂದು ರೂಪಾಯಿ ಹಾಕದೆ. ಹೊಸ ಘಟಕ ಕಟ್ಟಿ ಲಾಭ ಏರಿಸುತ್ತೇವೆ ಅಂದರೆ ಆ ದುಡ್ಡಿಗೂ ಶೇ 12 ಚಾರ್ಜ್ ಬೀಳುತ್ತದೆ, 36.8 ಕೂಡ ಸಾಲುವುದಿಲ್ಲ.

“ಇದನ್ನ ಮೊದಲೇ ಹೇಳಬಾರದಿತ್ತಾ?” ಅಂದರು ಭಾವ. ನೀವು ಕೇಳಿದ್ದು ಇದನ್ನಲ್ಲ ಭಾವ.