ಕೊಯ್ಲಲ್ಲ, ಬಯಕೆ: ಊರಿಂದ ದೂರ ಒಂದು ಭೂಮಿ ಹುಣ್ಣಿಮೆ

ಭೂಮಿ ಹುಣ್ಣಿಮೆಗೆ ಯಾರಾದರೂ ‘ಹ್ಯಾಪಿ ಹಾರ್ವೆಸ್ಟ್ ಫೆಸ್ಟಿವಲ್’ ಅಂತ ಕಳಿಸಿದರೆ ನನಗೆ ಸುಮ್ನಿರೋಕೆ ಆಗಲ್ಲ. ಕೊಯ್ಲಿಗೆ ಇನ್ನೂ ಎಷ್ಟೋ ದಿನ ಇರುತ್ತದೆ. ಶೀಗಿ ಹುಣ್ಣಿಮೆ ಅಂತಲೂ ಕರೆಯೋ ಈ ಹಬ್ಬದ ಹೊತ್ತಿಗೆ ಸಾಗರ, ಸೊರಬದ ಕಡೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ, ಬೇಗ ನಾಟಿ ಮಾಡಿದ ಗದ್ದೆಯಲ್ಲಿ ತೆನೆ ಹೊರಗೆ ಬಂದು ಹಾಲು ಕಟ್ಟುತ್ತಿರಬಹುದು, ಅಷ್ಟೇ. ಗದ್ದೆ ಬಸುರಿ. ಅವಳಿಗೆ ಬಯಕೆ ಊಟ ಬಡಿಸೋ ಹಬ್ಬ ಇದು. ಕೊಯ್ಲು ಅಂದುಬಿಟ್ಟರೆ ಹೆರಿಗೆ ಮುಗಿದೇ ಹೋಯ್ತು ಅಂದಂಗಾಯ್ತು.

ನಾನಿರೋದು ಇಂಗ್ಲೆಂಡಿನಲ್ಲಿ. ಇಲ್ಲಿ ಗೊಂದಲ ಇನ್ನೂ ಜಾಸ್ತಿ, ಯಾಕೆಂದರೆ ಇವರಿಗೂ ಒಂದು ‘ಹಾರ್ವೆಸ್ಟ್ ಮೂನ್’ ಇದೆ. ಸೆಪ್ಟೆಂಬರ್ 22-23ಕ್ಕೆ ಹಗಲು ರಾತ್ರಿ ಸಮ ಆಗುತ್ತಲ್ಲ, ಅದಕ್ಕೆ ತೀರಾ ಹತ್ತಿರ ಬರೋ ಹುಣ್ಣಿಮೆ ಅದು. 2024ರಲ್ಲಿ ಅದು ಸೆಪ್ಟೆಂಬರ್‌ನಲ್ಲೇ ಆಗಿಹೋಯ್ತು, ನಮ್ಮ ಶೀಗಿ ಹುಣ್ಣಿಮೆ ಬಂದಿದ್ದು ಅಕ್ಟೋಬರ್‌ನಲ್ಲಿ. 2025ರಲ್ಲಿ ಮಾತ್ರ ಎರಡೂ ಒಂದೇ ಹುಣ್ಣಿಮೆ, ಅಕ್ಟೋಬರ್ 6-7. ಹಾಗಾಗಿ ಇಲ್ಲಿನ ಕನ್ನಡದವರ ಗ್ರೂಪಲ್ಲಿ ಒಬ್ಬರು ‘ಹಾರ್ವೆಸ್ಟ್ ಮೂನ್ ಗ್ರೀಟಿಂಗ್ಸ್’ ಅಂತ ಚೆಂದದ ಕಾರ್ಡೇ ಮಾಡಿ ಹಾಕಿದರು. ಹುಣ್ಣಿಮೆ ಏನೋ ಅದೇ. ಆದರೆ ಇಲ್ಲಿನ ಗೋಧಿ ಆಗಸ್ಟ್ ಹೊತ್ತಿಗೇ ಕೊಯ್ದು ಹೊಲ ಖಾಲಿ ಬಿದ್ದಿರುತ್ತದೆ, ನಮ್ಮೂರ ಗದ್ದೆ ಇನ್ನೂ ತುಂಬಿ ನಿಂತಿರುತ್ತದೆ.

ಇಂಗ್ಲಿಷ್ ಪೇಪರ್‌ಗಳಲ್ಲಿ ಕಾಣೋ ಇನ್ನೊಂದು ಅನುವಾದ ಭೂಮಿಯ ‘ಬೇಬಿ ಶವರ್’. ಇದು ಹತ್ತಿರ ಬರುತ್ತದೆ, ಬಸಿರು ಅನ್ನೋದಾದರೂ ಉಳಿಯುತ್ತದೆ. ಆದರೆ ಬೇಬಿ ಶವರ್‌ನಲ್ಲಿ ಹುಟ್ಟೋ ಮಗುವಿಗೆ ಉಡುಗೊರೆ ಕೊಡ್ತಾರೆ. ನಮ್ಮಲ್ಲಿ ತಾಯಿಗೆ ಊಟ. ಹಿಂದಿನ ರಾತ್ರಿಯೆಲ್ಲ ಹೆಂಗಸರು ನಿದ್ದೆಗೆಟ್ಟು ಸೌತೆಕಾಯಿ ಕಡುಬು, ಕೊಟ್ಟೆ ಕಡುಬು, ಹತ್ತಾರು ಬಗೆಯ ಸೊಪ್ಪು ಬೇಯಿಸಿ, ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಗೆ ತುಂಬ್ತಾರೆ. ಬೆಳಗಾಗೋ ಮೊದಲೇ ಅದನ್ನು ಹೊತ್ತು ಗದ್ದೆಗೆ ಹೋಗಿ, ಬೆರಕೆ ಸೊಪ್ಪಿನ ಅಂಬಲಿ ಬೀರುತ್ತಾ, ಭೂತಾಯಿ ಉಂಡು ಹೋಗಲಿ ಅಂತ ಕೂಗ್ತಾರೆ. ಒಬ್ಬರಿಗೊಬ್ಬರು ಶುಭಾಶಯ ಹೇಳಿಕೊಳ್ಳೋದು ಫೋನ್ ಬಂದ ಮೇಲೆ ಜಾಸ್ತಿಯಾಗಿದ್ದು. ಈ ಹಬ್ಬದ ನಿಜವಾದ ಹಾರೈಕೆ ಅಂದರೆ ಆ ಕೂಗೇ, ಅದು ಹೋಗೋದು ಗದ್ದೆಗೆ. ‘ಹ್ಯಾಪಿ’ ಅಂತ ಶುರು ಮಾಡಿದ ತಕ್ಷಣ ಹಬ್ಬ ನಮ್ಮದಾಗಿಬಿಡುತ್ತದೆ, ಅವಳು ಹಿಂದೆ ಸರಿದುಬಿಡ್ತಾಳೆ. ಇದು ನನಗೆ ಒಂಚೂರೂ ಇಷ್ಟ ಆಗಲ್ಲ.

ಅವತ್ತು ಬೆಳಿಗ್ಗೆ ನಾವು ಪೂಜೆ ಮಾಡಿದ್ದು ತರಕಾರಿ ಬೆಳೆಯೋಕೆ ಬಾಡಿಗೆಗೆ ತಗೊಂಡ ತುಂಡು ಜಮೀನಿನಲ್ಲಿ. ಬಾಳೆಎಲೆ ಫ್ರೀಜರ್‌ನದ್ದು. ಅಮ್ಮನಿಗೆ ಫೋನ್ ಮಾಡಿ ಹಬ್ಬದ ಶುಭಾಶಯ ಅಂದರೆ, “ಅದೆಲ್ಲ ಇರ್ಲಿ ಮಗಾ, ಎಡೆ ಇಟ್ಯಾ? ಇಲಿಗೆ, ಕಾಗೆಗೆ ಬೇರೆ ಇಡು” ಅಂದಳು.

ಪಕ್ಕದ ತುಂಡಿನಲ್ಲಿ ಒಬ್ಬ ಹಿರಿಯರು ಇದ್ದಾರೆ, ಹರೆಯದಲ್ಲಿ ಗೋಧಿ ಬೆಳೆದವರು. ನಾನು ಗುಂಡಿ ತೋಡಿ ಕಡುಬು ಹೂಳೋದನ್ನ ನೋಡಿ ಏನು ಹಬ್ಬ ಅಂತ ಕೇಳಿದರು. ‘ಅವರ್ ರೈಸ್ ಈಸ್ ಇನ್ ದ ಬೂಟ್’ ಅಂದೆ. ತೆನೆ ಇನ್ನೂ ಎಲೆಯ ಕವಚದೊಳಗೇ ಉಬ್ಬಿಕೊಂಡಿರೋ ಹಂತಕ್ಕೆ ಇಲ್ಲಿನ ರೈತರು ಹೇಳೋದೇ ಹಾಗೆ, ನಮ್ಮ ಹೊಡೆ ಅಂದರೆ ಅದೇ. ಆಮೇಲೆ, ಹೊಲವೇ ನಮಗೆ ದೇವಿ, ಅವಳು ಈಗ ಬಸುರಿ, ಬಯಸಿದ್ದನ್ನು ಉಣ್ಣಿಸ್ತಿದ್ದೀವಿ ಅಂದೆ. ಅವರು ತಲೆಯಾಡಿಸಿ, ಹೌದು, ಈ ಹೊತ್ತಲ್ಲಿ ನೀರು ಕಮ್ಮಿಯಾದರೆ ಕಾಳು ಜೊಳ್ಳಾಗುತ್ತೆ ಅಂದರು. ಬಯಕೆ ತೀರಿಸಬೇಕು ಅನ್ನೋದಕ್ಕೆ ಗದ್ದೆಯಲ್ಲಿರೋ ಕಾರಣ ಅದೇ ಅಲ್ವಾ!

ಈಗ ಕನ್ನಡದವರಲ್ಲದವರಿಗೆ ನಾನು ಕಳಿಸೋದು ಎರಡು ಸಾಲು: ಊರಲ್ಲಿ ಭತ್ತ ಬಸುರಿ, ಇವತ್ತು ಭೂಮಿತಾಯಿಗೆ ಊಟ. ಅವಳು ಹೊಟ್ಟೆತುಂಬ ಉಣ್ಣಲಿ, ನೀವೂ ಬನ್ನಿ. ಹಬ್ಬದ ಹೆಸರು ‘ಭೂಮಿ ಹುಣ್ಣಿಮೆ’ ಅಂತಲೇ ಇರುತ್ತದೆ. ‘ಮದರ್ ಅರ್ತ್’ ಬಳಸಲ್ಲ, ಅದು ಇಲ್ಲಿ ಪರಿಸರದ ಪೋಸ್ಟರ್ ಮಾತಾಗಿದೆ.

ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗಲೂ ಇದೇ ಪಾಡು. ಅದೇ ಹೊತ್ತಿಗೆ ಇಲ್ಲಿನ ಚರ್ಚು, ಶಾಲೆಗಳಲ್ಲಿ ಹಾರ್ವೆಸ್ಟ್ ಫೆಸ್ಟಿವಲ್ ನಡೆಯುತ್ತದೆ. ಅದನ್ನು ಸುಗ್ಗಿ ಅಂತ ಬರೆದರೆ ನಮ್ಮವರ ಮನಸ್ಸು ಸಂಕ್ರಾಂತಿಗೆ, ಎಳ್ಳುಬೆಲ್ಲಕ್ಕೆ ಹೋಗುತ್ತದೆ. ಅಮ್ಮನಿಗೆ ನಾನು ಹೇಳಿದ್ದು ಇಷ್ಟು: ಬೆಳೆ ಕೈಗೆ ಬಂತು ಅಂತ ತಿನ್ನೋ ಸಾಮಾನು ದೇವರ ಮುಂದೆ ಇಟ್ಟು ಹಾಡ್ತಾರೆ, ಆಮೇಲೆ ಎಷ್ಟೋ ಕಡೆ ಆ ಡಬ್ಬಿ, ಪೊಟ್ಟಣ ಎಲ್ಲ ಇಲ್ಲದವರಿಗೆ ಹೋಗುತ್ತದೆ.

“ಹೊಸಕ್ಕಿ ಊಟದ ಹಂಗೆ ಅನ್ನು” ಅಂದಳು. “ನೀನೂ ಒಂದು ಸೇರು ಅಕ್ಕಿ ಕೊಡು.”