ದೊಡ್ಡಪ್ಪನ ಹುತ್ತರಿ ಮೆಸೇಜು, ಮೂರನೇ ಸಲಕ್ಕೆ

ಸೋಮವಾರ ರಾತ್ರಿ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಒಂದು ಕೆಲಸ ನನಗೆ ಅಂಟಿಕೊಂಡಿದೆ. ದೊಡ್ಡಪ್ಪ ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆಯುತ್ತಾರೆ, ನಾನು ಅದನ್ನು ಚಿಕ್ಕದು ಮಾಡಿ ಕನ್ನಡದಲ್ಲಿ ಹಾಕಬೇಕು. ಮುಂಬೈಯಲ್ಲಿ ಮೂವತ್ತು ವರ್ಷ ಇದ್ದವರು, ಅವರ ಕೈಗೆ ಇಂಗ್ಲಿಷೇ ಬರುವುದು. ಅಜ್ಜಿಗೂ ಇಬ್ಬರು ಅತ್ತೆಯರಿಗೂ ಕನ್ನಡ ಮಾತ್ರ ಗೊತ್ತು.

ಇವತ್ತಿನದು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ನಮ್ಮ ಹಿರಿಯರ ಮನೆಯಾದ ಐನ್‌ಮನೆಗೆ ಬರುವ ವಿಷಯ. ಇನ್ನೂರಕ್ಕೂ ಜಾಸ್ತಿ ಪದ, ಒಂದೇ ಪ್ಯಾರಾ. ಕಾಳುಮೆಣಸಿನ ರೇಟು, ಅವರ ಮಂಡಿನೋವು, ಹಿಂದೆ ಒಂದು ಹುತ್ತರಿಗೆ ಮಳೆ ಬಂದದ್ದು, ಯಾರದೋ ಜೀಪು ಕೆಸರಲ್ಲಿ ಹೂತದ್ದು. ನಡುವೆ ಎಲ್ಲೋ ಟೈಮು. ಅಜ್ಜಿಯ ಫೋನಿನಲ್ಲಿ ಅಕ್ಷರ ದೊಡ್ಡದು ಇಟ್ಟಿದ್ದೇವೆ. ಉದ್ದದ ಮೆಸೇಜು ಅರ್ಧಕ್ಕೆ ನಿಂತು ಕೆಳಗೆ `Read more` ಬರುತ್ತದೆ. ಅಜ್ಜಿ ಅದನ್ನು ಒತ್ತುವುದೇ ಇಲ್ಲ, ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಹಾಗಾಗಿ ನನ್ನ ಗುರಿ ಆರು ಸಾಲು.

ಯಾವಾಗ, ಎಲ್ಲಿ, ಯಾರು ಏನು ತರಬೇಕು, ಇಷ್ಟನ್ನೇ ಹೆಕ್ಕಿ ಅರ್ಧ ಗಂಟೆಯಲ್ಲಿ ಹಾಕಿಬಿಟ್ಟೆ.

ಮಂಗಳವಾರ

ಎಡವಟ್ಟು. ದೊಡ್ಡಪ್ಪ ಎರಡು ಸೆಟ್ ಟೈಮು ಬರೆದಿದ್ದರು: ಮೊದಲು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದ್ದು, ಆಮೇಲೆ ಊರಿನವರದ್ದು. ಎಲೆಗಳ ನೆರೆ ಕಟ್ಟುವುದೂ ಕದಿರು ತೆಗೆಯುವುದೂ ದೇವಸ್ಥಾನದಲ್ಲಿ ಮೊದಲು, ಆಮೇಲೆ ತಾನೇ ಮನೆಗಳಲ್ಲಿ? ನೆರೆಗೆ ನಾನು ಮೊದಲು ಕಂಡ 7:30 ಹಾಕಿದ್ದೆ. ನಮ್ಮದು 7:50. ಇಪ್ಪತ್ತೇ ನಿಮಿಷ, ಆದರೆ ಮುಹೂರ್ತದ ಲೆಕ್ಕದಲ್ಲಿ ಅದು ತಪ್ಪೇ.

ನೋಡಿದ್ದು ಬೆಳಗ್ಗೆ. ವಾಟ್ಸಾಪಿನಲ್ಲಿ ತಿದ್ದಲು ಕಳಿಸಿದ ಮೇಲೆ 15 ನಿಮಿಷ ಮಾತ್ರ ಸಮಯ. ಎಲ್ಲರಿಗೂ ಅಳಿಸಿ ಹೊಸದು ಹಾಕಿದೆ. ಅಷ್ಟರಲ್ಲಿ ದೊಡ್ಡತ್ತೆ ಹಳೆಯದನ್ನು ಗಂಡನ ಮನೆಯ ಗುಂಪಿಗೆ ದಾಟಿಸಿದ್ದರು. ಅಲ್ಲಿ ಹೋದದ್ದು ನಾನು ಅಳಿಸಿದರೆ ಹೋಗುವುದಿಲ್ಲ. ಫೋನ್ ಮಾಡಿ ಹೇಳಬೇಕಾಯಿತು.

ಹೊಸದರಲ್ಲೂ ಒಂದು ಉಳಿದಿತ್ತು. ದೊಡ್ಡಪ್ಪ ಇಂಗ್ಲಿಷಿನಲ್ಲಿ ಪ್ಯಾಡಿ ಕಟಿಂಗ್ ಎಂದು ಬರೆದದ್ದನ್ನು ನಾನು ಸುಮ್ನೆ ‘ಭತ್ತ ಕೊಯ್ಲು’ ಮಾಡಿದ್ದೆ. ಚಿಕ್ಕಪ್ಪ ನಕ್ಕರು: “ಕೊಯ್ಲಿಗೆ ಆಳು ಕರೆಸ್ತೀಯಾ ಮಗ?” ನಾಲ್ಕು ತೆನೆ ತೆಗೆಯುವುದಕ್ಕೆ ನಮ್ಮಲ್ಲಿ ಕದಿರು ಎಂದೇ ಹೆಸರಿದೆಯಲ್ಲ. ಇಂಗ್ಲಿಷಿಗೆ ಹೋಗಿ ಬಂದ ಮಾತನ್ನು ಅಲ್ಲಿಂದ ಅನುವಾದ ಮಾಡಬಾರದು, ಮನೆಯಲ್ಲಿ ಏನನ್ನುತ್ತಾರೋ ಅದನ್ನೇ ಹಾಕಬೇಕು.

‘ಆಂಟಿ’ಯದೂ ಅದೇ ಕಥೆ. ತಂಬಿಟ್ಟಿಗೆ ಬಾಳೆಹಣ್ಣು ಆಂಟಿ ತರುತ್ತಾಳೆ ಎಂದು ಬರೆದಿದ್ದರು. ಕನ್ನಡದಲ್ಲಿ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ, ಯಾರೋ ಒಬ್ಬರೆಂದು ಹೇಳಲೇಬೇಕು. ನಾನು ಚಿಕ್ಕಮ್ಮ ಎಂದು ಊಹಿಸಿದ್ದೆ. ದೊಡ್ಡಪ್ಪನನ್ನು ಕೇಳಿದರೆ ಸಣ್ಣತ್ತೆಯಂತೆ. ಊಹೆ ಬಿಟ್ಟು ಮೊದಲೇ ಕೇಳಬೇಕಿತ್ತು.

ಬುಧವಾರ

ಕತ್ತರಿಸಿ ಬಿಸಾಡಿದ್ದನ್ನು ಮತ್ತೊಮ್ಮೆ ಓದಿದೆ. ಜೀಪು ಹೂತ ಕಥೆಯನ್ನು ಪೂರ್ತಿ ತೆಗೆದಿದ್ದೆ, ಬರೀ ಹರಟೆ ಅಂತ. ಆದರೆ ಅದರ ಬಾಲದಲ್ಲಿ ಮೋರಿ ಈ ಮಳೆಗಾಲದಲ್ಲೂ ಕುಸಿದಿದೆ, ಕಾರು ಐನ್‌ಮನೆ ತನಕ ಬರುವುದಿಲ್ಲ ಎಂದಿತ್ತು! ರಾತ್ರಿ ಹೊತ್ತು ಅಜ್ಜಿಯನ್ನು ಕರೆದುಕೊಂಡು ಬರುವವರಿಗೆ ಇದಕ್ಕಿಂತ ಮುಖ್ಯದ್ದು ಇನ್ನೇನಿದೆ? ದೊಡ್ಡಪ್ಪನ ಬರವಣಿಗೆ ಹಾಗೇ. ಕಥೆಯೇ ಕಾರಣ, ಸೂಚನೆ ಅದರ ಕೊನೆಗೆ ನೇತಾಡುತ್ತಿರುತ್ತದೆ. ಈಗ ಒಂದು ಕ್ರಮ ಮಾಡಿಕೊಂಡಿದ್ದೇನೆ. ತೆಗೆಯುವ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ಇದು ಗೊತ್ತಿಲ್ಲದಿದ್ದರೆ ಯಾರಾದರೂ ಬೇರೆ ಥರ ಮಾಡಿಬಿಡುತ್ತಾರಾ? ಮಂಡಿನೋವು ಹೋಯಿತು, ಮೆಣಸಿನ ರೇಟು ಹೋಯಿತು, ಮೋರಿ ಉಳಿಯಿತು.

ಕೊನೆಗೆ ಹೋದದ್ದು ಇದು:

```
*ಹುತ್ತರಿ: ಇದೇ 14, ಶನಿವಾರ, ಐನ್‌ಮನೆ*
6:30ಕ್ಕೆ ಎಲ್ಲರೂ ಬಂದಿರಿ.
ನೆರೆ 7:50, ಕದಿರು 8:50, ಊಟ 9:50.
*ಕಾರು ಮೋರಿ ತನಕ ಮಾತ್ರ.* ಟಾರ್ಚ್ ತನ್ನಿ.
ಬಾಳೆಹಣ್ಣು: ಸಣ್ಣತ್ತೆ. ಬೇರೇನೂ ಬೇಡ.
ಮಳೆ ಬಂದರೂ ಬರಬೇಕು - ದೊಡ್ಡಪ್ಪ
```

‘ಮುಂದಿನ ಶನಿವಾರ’ ಎಂದು ಬರೆಯಲಿಲ್ಲ. ಅದು ಈ ವಾರದ್ದೋ ಆಚೆ ವಾರದ್ದೋ ಎಂದು ಪ್ರತಿ ಸಲ ಜಗಳ. ತಾರೀಕು, ವಾರ ಎರಡೂ ಇರಲಿ. ನಕ್ಷತ್ರದ ಗುರುತಿನ ನಡುವೆ ಹಾಕಿದ್ದು ವಾಟ್ಸಾಪಿನಲ್ಲಿ ದಪ್ಪ ಅಕ್ಷರವಾಗುತ್ತದೆ, ಅದನ್ನು ಎರಡೇ ಕಡೆ ಬಳಸಿದೆ.

ಕೊನೆಯ ಸಾಲು ಅಗತ್ಯವಿರಲಿಲ್ಲ. ಆದರೆ ಅದನ್ನೂ ತೆಗೆದಿದ್ದರೆ ದೊಡ್ಡಪ್ಪ ಮಾತಾಡಿದ ಹಾಗೆ ಇರುತ್ತಿರಲಿಲ್ಲ. ಈ ಸಲ ಹಾಕುವ ಮೊದಲು ಅವರಿಗೇ ಓದಿ ಹೇಳಿದೆ. “ಇಷ್ಟೇನಾ?” ಅಂದರು, ಸ್ವಲ್ಪ ಬೇಜಾರಲ್ಲೇ. ಅವರ ಉದ್ದದ ಮೆಸೇಜು ಗುಂಪಿನಲ್ಲಿ ಹಾಗೇ ಇದೆ ಎಂದಮೇಲೆ ಸುಮ್ಮನಾದರು. ಚಿಕ್ಕದನ್ನು ಏಳು ದಿನಕ್ಕೆ ಪಿನ್ ಮಾಡಿದ್ದೇನೆ.

ರಾತ್ರಿ ಅಜ್ಜಿಯ ಫೋನ್ ಬಂತು. ಓದಿದ್ದಾರೆ. ಮೋರಿಯಿಂದ ಮನೆಗೆ ಎಷ್ಟು ದೂರ, ಕೋಲು ತರಬೇಕಾ ಎಂದು ಕೇಳಿದರು.