ಸಂಬಳ ಜಾಸ್ತಿ ಕೇಳುವ ಪತ್ರ: ಅದನ್ನು ಓದುವವನ ಕಡೆಯಿಂದ

ದಾವಣಗೆರೆಯ ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ನನ್ನ ಕೆಲಸ. ಆಫರ್ ಲೆಟರ್ ಹೋದ ಮೇಲೆ "ಸಂಬಳ ಸ್ವಲ್ಪ ನೋಡಿ" ಅಂತ ಬರುವ ಮೇಲ್‌ಗಳನ್ನು ಮೊದಲು ತೆರೆಯುವವನು ನಾನೇ. ಆದರೆ ದುಡ್ಡು ಏರಿಸುವ ಅಧಿಕಾರ ನನಗಿಲ್ಲ. ಆ ಮೇಲನ್ನು ಫೈನಾನ್ಸ್‌ನವರಿಗೋ ಮಾಲೀಕರಿಗೋ ಕಳಿಸಿ, ಮೇಲೆ ಎರಡು ಸಾಲು ಬರೆದು ಕಾಯುತ್ತೇನೆ. ಅವರು ಆ ಅಭ್ಯರ್ಥಿಯ ಮುಖ ಕೂಡ ನೋಡಿರುವುದಿಲ್ಲ. ಪತ್ರ ಬರೆಯುವವರಲ್ಲಿ ಎಷ್ಟೋ ಜನಕ್ಕೆ ಈ ವಿಷಯ ಗೊತ್ತಿರುವುದಿಲ್ಲ. ಎದುರಿಗೆ ಕೂತ ಎಚ್‌ಆರ್‌ನ ಮನಸ್ಸು ಕರಗಿಸಿದರೆ ಸಾಕು, ಇಲ್ಲ ಹೆದರಿಸಿದರೆ ಸಾಕು ಅಂದುಕೊಂಡು ಬರೆಯುತ್ತಾರೆ.

ಇತ್ತೀಚೆಗೆ ಚಿತ್ರದುರ್ಗದಲ್ಲಿರುವ ನಮ್ಮ ಅಕ್ಕನ ಮಗಳಿಗೆ ಇಂಥದ್ದೇ ಒಂದು ಪತ್ರ ಬರೆಯುವುದಿತ್ತು. ಬಿಕಾಂ ಮುಗಿಸಿ ನಾಲ್ಕು ವರ್ಷದಿಂದ ಅಲ್ಲಿನ ಒಬ್ಬ ಆಡಿಟರ್ ಆಫೀಸಿನಲ್ಲಿದ್ದಾಳೆ. ಕೈಗೆ ಬರುವುದು 18,000. ಚಿಕ್ಕ ಆಫೀಸು, ಪಿಎಫ್ ಇಲ್ಲ. ದಾವಣಗೆರೆಯಲ್ಲಿ ಕೃಷಿ ಯಂತ್ರ ಮಾರುವ, ನಾಲ್ಕು ಶಾಖೆ ಇರುವ ಒಂದು ಕಂಪನಿಯಿಂದ ಅಕೌಂಟ್ಸ್ ಕೆಲಸಕ್ಕೆ ಆಫರ್ ಬಂತು. ಸಿಟಿಸಿ, ಅಂದರೆ ಅವಳ ಮೇಲೆ ಕಂಪನಿಗೆ ವರ್ಷಕ್ಕೆ ತಗಲುವ ಒಟ್ಟು ಖರ್ಚು, 3.6 ಲಕ್ಷ. ಮನೆಯಲ್ಲಿ ಆಗಲೇ ಹನ್ನೆರಡರಿಂದ ಭಾಗಿಸಿ "ತಿಂಗಳಿಗೆ ಮೂವತ್ತು ಸಾವಿರ" ಅಂತ ಸಂಭ್ರಮ ನಡೆದಿತ್ತು.

ಪತ್ರಕ್ಕೆ ಕೈ ಹಾಕುವ ಮೊದಲು ಆಫರ್ ಲೆಟರಿನ ಕೊನೆಯ ಪುಟ ಕಳಿಸು ಅಂದೆ. ಸಂಬಳದ ವಿವರ ಇರುವುದು ಆ ಅನೆಕ್ಸರ್‌ನಲ್ಲಿ. 3,60,000ದಲ್ಲಿ 36,000 ವೇರಿಯಬಲ್ ಪೇ. ಅಂದರೆ ವರ್ಷದ ಕೊನೆಗೆ, ಕೆಲಸ ನೋಡಿ, ಕೊಟ್ಟರೆ ಬರುವ ದುಡ್ಡು. ಕಂಪನಿ ಕಟ್ಟುವ ಪಿಎಫ್ ತಿಂಗಳಿಗೆ 1,800ರಂತೆ 21,600. ಬೇಸಿಕ್ ತಿಂಗಳಿಗೆ 15,000 ಇದ್ದದ್ದರಿಂದ, ಅದರ 4.81 ಪರ್ಸೆಂಟ್ ಲೆಕ್ಕದಲ್ಲಿ ಗ್ರಾಚ್ಯುಟಿ 8,658. ಕಾಯಂ ನೌಕರರಿಗೆ ಇದು ಸಾಮಾನ್ಯವಾಗಿ ಐದು ವರ್ಷ ಸೇವೆ ಆದ ಮೇಲೆ ಸಿಗುವಂಥದ್ದು. ಇಷ್ಟನ್ನೂ ಕಳೆದರೆ ತಿಂಗಳ ಗ್ರಾಸ್ 24,478. ಅದರಲ್ಲಿ ಅವಳ ಪಾಲಿನ ಪಿಎಫ್ 1,800 ಹೋದರೆ ಕೈಗೆ ಬರುವುದು 22,678.

ಚಿತ್ರದುರ್ಗದಿಂದ ದಾವಣಗೆರೆಗೆ ಅರವತ್ತು ಕಿಲೋಮೀಟರಿನಷ್ಟು ದೂರ. ದಿನಾ ಬಸ್ಸಿನಲ್ಲಿ ಓಡಾಡುವವರು ಇದ್ದಾರೆ, ಆದರೆ ತಿಂಗಳ ಕೊನೆಯಲ್ಲಿ ಲೆಕ್ಕದ ಕೆಲಸ ರಾತ್ರಿಯವರೆಗೂ ಎಳೆಯುತ್ತದೆ. ಅವಳು ನೋಡಿದ್ದ ಪಿಜಿಗೆ ಊಟ ಸೇರಿ 6,000. ಮನೆಯಲ್ಲಿದ್ದು 18,000 ತರುತ್ತಿದ್ದವಳಿಗೆ ಇನ್ನು ಉಳಿಯುವುದು 16,678. ಮೂವತ್ತು ಸಾವಿರದ ಸಂಭ್ರಮ ಅಲ್ಲಿಗೆ ಇಳಿಯಿತು. ಪಿಎಫ್ ಆಕೆಯದ್ದೇ ದುಡ್ಡು, ಅದು ಬೇರೆ ಮಾತು. ಆದರೆ ತಿಂಗಳ ಖರ್ಚಿಗೆ ಪಿಎಫ್ ಒದಗುವುದಿಲ್ಲ ಅಲ್ವಾ.

ಅವಳು ಬರೆದಿಟ್ಟಿದ್ದ ಮೊದಲ ಪತ್ರ ಹೀಗಿತ್ತು. ಇಂಗ್ಲಿಷಿನಲ್ಲಿದ್ದದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ:

"ನನ್ನನ್ನು ಆಯ್ಕೆ ಮಾಡಿದ್ದಕ್ಕೆ ತುಂಬಾ ತುಂಬಾ ಧನ್ಯವಾದ ಸರ್. ಹೀಗೆ ಕೇಳುತ್ತಿರುವುದಕ್ಕೆ ದಯವಿಟ್ಟು ಕ್ಷಮಿಸಿ. ನಾನು ದಾವಣಗೆರೆಯಲ್ಲಿ ಪಿಜಿ ಮಾಡಬೇಕು, ತಮ್ಮನ ಓದೂ ನಡೀತಿದೆ. ಸಾಧ್ಯವಾದರೆ ಸಂಬಳ ಸ್ವಲ್ಪ ಜಾಸ್ತಿ ಮಾಡಿದರೆ ಉಪಕಾರವಾಗುತ್ತದೆ. ಆಗದಿದ್ದರೂ ಪರವಾಗಿಲ್ಲ, ಖಂಡಿತ ಸೇರುತ್ತೇನೆ."

ಈ ಪತ್ರ ನನ್ನ ಟೇಬಲ್ಲಿಗೆ ಬಂದರೆ ಏನಾಗುತ್ತದೆ ಅಂತ ಹೇಳಿದೆ. ನನಗೆ ಪಾಪ ಅನಿಸುತ್ತದೆ. ಮೇಲಿನವರಿಗೆ ಕಳಿಸುವಾಗ ಏನು ಬರೆಯಲಿ? "ಸ್ವಲ್ಪ" ಅಂದರೆ ಎಷ್ಟು? ಐನೂರೋ ಐದು ಸಾವಿರವೋ? ಪಿಜಿ ಬಾಡಿಗೆ, ತಮ್ಮನ ಫೀಸು ಕಂಪನಿಯ ಲೆಕ್ಕಕ್ಕೆ ಬರುವ ಕಾರಣಗಳಲ್ಲ. ಬಾಡಿಗೆ ನೋಡಿ ಸಂಬಳ ಕೊಡುವುದಾದರೆ ಊರಲ್ಲೇ ಸ್ವಂತ ಮನೆ ಇರುವವರಿಗೆ ಕಡಿಮೆ ಕೊಡಬೇಕಾಗುತ್ತದೆ. ಇನ್ನು ಕೊನೆಯ ಸಾಲು ಓದಿದ ಮೇಲೆ ಫೈನಾನ್ಸ್‌ನವರು ಒಂದೇ ಮಾತು ಹೇಳುತ್ತಾರೆ: "ಹೇಗೂ ಸೇರ್ತೀನಿ ಅಂದಿದ್ದಾರಲ್ಲ, ಮುಗೀತು."

ಅವಳು ಸುಮ್ನೆ ಕೂರಲಿಲ್ಲ. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದಳು. ಅವನು "ಗಟ್ಟಿಯಾಗಿ ಕೇಳು, ಐದು ಅಂದರೆ ನಾಲ್ಕಕ್ಕೆ ಬಂದು ನಿಲ್ತಾರೆ" ಅಂದ. ರಾತ್ರಿ ಎರಡನೇ ಪತ್ರ ಬಂತು:

"ನಿಮ್ಮ ಆಫರ್ ಮಾರ್ಕೆಟ್ ರೇಟಿಗಿಂತ ತುಂಬಾ ಕಡಿಮೆ ಇದೆ. ನನ್ನ ಅನುಭವಕ್ಕೆ ಕನಿಷ್ಠ 5 ಲಕ್ಷ ಬೇಕೇ ಬೇಕು. ನನ್ನ ಬಳಿ ಬೇರೆ ಆಫರ್ ಕೂಡ ಇದೆ. ಎರಡು ದಿನದೊಳಗೆ ತಿಳಿಸಿ."

"ಬೇರೆ ಆಫರ್ ಎಲ್ಲಿದೆಯಮ್ಮ?" ಅಂತ ಕೇಳಿದೆ. "ಇಲ್ಲ ಮಾಮ, ಹಾಗೆ ಹಾಕಿದರೆ ಬೇಗ ಉತ್ತರ ಬರುತ್ತಂತೆ" ಅಂದಳು. ಬರುತ್ತದೆ, ನಿಜ. "ಆ ಆಫರ್ ಲೆಟರ್ ಕಳಿಸಿ" ಅಂತ ಬರುತ್ತದೆ. ನಾವು ಕೇಳಿಯೇ ಕೇಳುತ್ತೇವೆ. ಮಾರ್ಕೆಟ್ ರೇಟ್ ಅನ್ನುವ ಮಾತೂ ಹಾಗೆಯೇ. ಯಾವ ಮಾರ್ಕೆಟ್? ಬೆಂಗಳೂರಿನದ್ದಾದರೆ ದಾವಣಗೆರೆಯ ಮಾಲೀಕರು ಒಪ್ಪುವುದಿಲ್ಲ, ದಾವಣಗೆರೆಯದ್ದಾದರೆ ಅದು ಅವಳಿಗಿಂತ ಅವರಿಗೇ ಚೆನ್ನಾಗಿ ಗೊತ್ತು. 3.6 ಇದ್ದದ್ದನ್ನು ಒಂದೇ ಸಲ 5 ಕೇಳಿದರೆ ಚೌಕಾಸಿಗೂ ಜಾಗ ಉಳಿಯುವುದಿಲ್ಲ. ನಮ್ಮಲ್ಲಿ ಹತ್ತು ಪರ್ಸೆಂಟಿನ ಆಸುಪಾಸು ಕೇಳಿದರೆ ಮಾತುಕತೆ ಆಗುತ್ತದೆ. ಅದಕ್ಕಿಂತ ಬಹಳ ಮೇಲೆ ಹೋದರೆ, "ಇವರಿಗೆ ನಮ್ಮ ಕೆಲಸ ಹೊಂದಲ್ಲ ಬಿಡಿ, ಎರಡನೇ ಕ್ಯಾಂಡಿಡೇಟ್‌ಗೆ ಫೋನ್ ಮಾಡಿ" ಅನ್ನುತ್ತಾರೆ.

ಮಜಾ ಏನೆಂದರೆ, ಮೊದಲ ಪತ್ರಕ್ಕೂ ಎರಡನೆಯದಕ್ಕೂ ಒಂದೇ ಕೊರತೆ. ಎರಡರಲ್ಲೂ ಅವಳು ಅಲ್ಲಿ ಮಾಡಲಿರುವ ಕೆಲಸದ ಸುದ್ದಿಯೇ ಇಲ್ಲ. ಹಾಗಾಗಿ ಪತ್ರ ಬದಿಗಿಟ್ಟು ಇಂಟರ್‌ವ್ಯೂನಲ್ಲಿ ಏನೇನು ಮಾತಾಡಿದರು ಅಂತ ಕೇಳುತ್ತಾ ಹೋದೆ. ಜಾಹೀರಾತಿನಲ್ಲಿ ಇದ್ದದ್ದು ಟ್ಯಾಲಿ ಎಂಟ್ರಿ, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಇಷ್ಟೇ. ಇಂಟರ್‌ವ್ಯೂನಲ್ಲಿ ಮಾತ್ರ ಮ್ಯಾನೇಜರ್ ಇನ್ನೊಂದು ಹೇಳಿದ್ದರು. ಜಿಎಸ್‌ಟಿ ಫೈಲಿಂಗ್ ಈಗ ಹೊರಗಿನ ಕನ್ಸಲ್ಟೆಂಟ್ ಮಾಡುತ್ತಾರೆ, ನೀವು ಬಂದ ಮೇಲೆ ಅದನ್ನೂ ಒಳಗೇ ಮಾಡೋಣ ಅಂತ. ಅವಳು ಅದನ್ನು ದೊಡ್ಡ ವಿಷಯ ಅಂದುಕೊಂಡೇ ಇರಲಿಲ್ಲ. ಯಾಕೆಂದರೆ ಆಡಿಟರ್ ಆಫೀಸಿನಲ್ಲಿ ಪ್ರತಿ ತಿಂಗಳು 11ರೊಳಗೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಲೆಕ್ಕದ ರಿಟರ್ನ್ ಜಿಎಸ್‌ಟಿಆರ್-3ಬಿ ಹಾಕುವುದು, ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯ ಜೊತೆ ತಾಳೆ ನೋಡುವುದು ಅವಳಿಗೆ ದಿನನಿತ್ಯದ ಕೆಲಸ. ಆದರೆ ಕಂಪನಿಗೆ ಅದು ಇವತ್ತು ಹೊರಗೆ ಫೀಸು ಕೊಟ್ಟು ಮಾಡಿಸುತ್ತಿರುವ ಕೆಲಸ. ಜಾಸ್ತಿ ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಾ?

ಇನ್ನು ಎಷ್ಟು ಕೇಳುವುದು. ಸಿಟಿಸಿಯಲ್ಲಿ ಕೇಳಬೇಡ, ತಿಂಗಳ ಫಿಕ್ಸೆಡ್ ಗ್ರಾಸ್ ಹಿಡಿದು ಕೇಳು ಅಂದೆ. ಸಿಟಿಸಿ ಏರಿಸಿ ಅಂದರೆ ವೇರಿಯಬಲ್ ಏರಿಸಿ ಕೊಟ್ಟುಬಿಡುತ್ತಾರೆ. ಕಾಗದದಲ್ಲಿ ನಾಲ್ಕು ಲಕ್ಷ, ಕೈಗೆ ಮತ್ತೆ ಅದೇ. 24,478ರ ಬದಲು 28,000 ಅಂತ ತೀರ್ಮಾನ ಮಾಡಿದೆವು. ಸಿಟಿಸಿ ಲೆಕ್ಕದಲ್ಲಿ ಅದು 4.02 ಲಕ್ಷ ಆಗುತ್ತದೆ, ಹನ್ನೆರಡು ಪರ್ಸೆಂಟಿನ ಹತ್ತಿರ. ಪತ್ರ ಹೀಗೆ ಬಂತು:

"ನಮಸ್ಕಾರ. ಆಫರ್ ಲೆಟರ್ ತಲುಪಿದೆ, ಧನ್ಯವಾದಗಳು. ಈ ಕೆಲಸಕ್ಕೆ ಸೇರುವ ಮನಸ್ಸಿದೆ. ಸಹಿ ಮಾಡುವ ಮೊದಲು ಸಂಬಳದ ಬಗ್ಗೆ ಒಂದು ವಿಷಯ ಕೇಳುವುದಿದೆ.

ನಾಲ್ಕು ಶಾಖೆಗಳ ಲೆಕ್ಕ ಸೇರಿಸಿ ಮಾಡುವ ಜಿಎಸ್‌ಟಿ ಫೈಲಿಂಗ್ ಈಗ ಹೊರಗಿನವರ ಕೈಯಲ್ಲಿದೆ, ಮುಂದೆ ಅದೂ ಈ ಹುದ್ದೆಗೆ ಬರುತ್ತದೆ ಎಂದು ಇಂಟರ್‌ವ್ಯೂನಲ್ಲಿ ತಿಳಿಸಿದ್ದೀರಿ. ನಾಲ್ಕು ವರ್ಷದಿಂದ ತಿಂಗಳ ರಿಟರ್ನ್‌ಗಳನ್ನೂ 2ಬಿ ತಾಳೆಯನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಮೊದಲ ತಿಂಗಳಿಂದಲೇ ಇದನ್ನು ವಹಿಸಿಕೊಳ್ಳಬಲ್ಲೆ. ಈ ಕೆಲಸವನ್ನೂ ಸೇರಿಸಿ, ತಿಂಗಳ ಫಿಕ್ಸೆಡ್ ಗ್ರಾಸ್ ಅನ್ನು 24,478ರಿಂದ 28,000ಕ್ಕೆ ಏರಿಸಲು ಸಾಧ್ಯವೇ?

ಫೋನಿನಲ್ಲಿ ಮಾತಾಡುವುದಾದರೆ ನಾಳೆ ಸಂಜೆ 5ರ ಮೇಲೆ ಸಿಗುತ್ತೇನೆ."

ಎರಡನೇ ಪ್ಯಾರಾವನ್ನು ಎಚ್‌ಆರ್ ಹಾಗೇ ಎತ್ತಿ ಮೇಲಿನವರಿಗೆ ಕಳಿಸಬಹುದು. ಕಾರಣ ಇದೆ, ಅಂಕಿ ಇದೆ, ಅದನ್ನು ಸಮರ್ಥಿಸಲು ಅವರು ತಲೆ ಕೆಡಿಸಿಕೊಳ್ಳಬೇಕಿಲ್ಲ. "ಸೇರುವ ಮನಸ್ಸಿದೆ" ಅನ್ನುವುದನ್ನು ಅವಳು ತೆಗೆದುಹಾಕಿದ್ದಳು, ಬಿಗಿ ಕಡಿಮೆಯಾಗುತ್ತೆ ಅಂತ. ನಾನೇ ಮತ್ತೆ ಹಾಕಿಸಿದೆ. ದುಡ್ಡು ಏರಿಸಿದ ಮೇಲೂ ಕೈ ಕೊಟ್ಟರೆ ಅನ್ನುವ ಭಯ ಕಂಪನಿಗೂ ಇರುತ್ತದೆ. "ಖಂಡಿತ ಸೇರುತ್ತೇನೆ" ಅಂದರೆ ಮಾತು ಮುಗಿದುಹೋಗುತ್ತದೆ, "ಮನಸ್ಸಿದೆ" ಅಂದರೆ ಬಾಗಿಲು ತೆರೆದಿರುತ್ತದೆ. ಕೊನೆಯಲ್ಲಿ "ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ" ಅಂತ ಒಂದು ಸಾಲು ಹೇಗೋ ಮತ್ತೆ ನುಸುಳಿತ್ತು. ಅದನ್ನು ಹೊಡೆದು ಹಾಕಿದ್ದಾಯಿತು.

28,000 ಆಗುವುದಿಲ್ಲ ಅಂದರೆ ಏನು ಕೇಳಬೇಕು ಅನ್ನುವುದನ್ನೂ ಮೊದಲೇ ಮಾತಾಡಿಕೊಂಡಿದ್ದೆವು: ವೇರಿಯಬಲ್ 36,000ವನ್ನು ಫಿಕ್ಸೆಡ್‌ಗೆ ಸೇರಿಸಿ ಅಂತ. ಸಿಟಿಸಿ ಅದೇ 3.6 ಇರುತ್ತದೆ, ಕಂಪನಿಯ ಬಜೆಟ್ ಮೀರುವುದಿಲ್ಲ, ಆದರೆ ಅವಳಿಗೆ ತಿಂಗಳ ಗ್ರಾಸ್ 3,000 ಜಾಸ್ತಿಯಾಗುತ್ತದೆ. ಅವಳು ಇದನ್ನೂ ಪತ್ರದಲ್ಲಿ ಹಾಕೋಣ ಅಂದಳು. ಬೇಡ ಅಂದೆ. ಎರಡು ದಾರಿ ತೋರಿಸಿದರೆ ಯಾರಾದರೂ ಅಗ್ಗದ ದಾರಿಯನ್ನೇ ಹಿಡಿಯುತ್ತಾರೆ. ಅದು ಫೋನಿನಲ್ಲಿ ಮಾತಾಡುವಾಗ ಕೇಳುವ ಮಾತು.

ಫೋನ್ ಬಂತು. ಈ ಗ್ರೇಡಿಗೆ 28 ಆಗಲ್ಲ ಅಂದರು. ಅವಳು ವೇರಿಯಬಲ್ ವಿಷಯ ಎತ್ತಿದಳು. ಮಾಲೀಕರನ್ನು ಕೇಳಿ ಅದರಲ್ಲಿ 30,000 ಫಿಕ್ಸೆಡ್ ಕಡೆ ಹಾಕಲು ಒಪ್ಪಿದರು, 6,000 ವೇರಿಯಬಲ್ ಆಗಿಯೇ ಉಳಿಯಿತು. ಗ್ರಾಸ್ 26,978. ಗ್ರಾಸ್ 25,000 ದಾಟಿದ್ದರಿಂದ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಹೊಸದಾಗಿ ಬಿತ್ತು. ಅದನ್ನೂ ಪಿಎಫ್‌ನೂ ಕಳೆದು ಕೈಗೆ 24,978.

ಎಲ್ಲ ಕಡೆ ಹೀಗಾಗುತ್ತದೆ ಅಂತಲ್ಲ. ಕ್ಯಾಂಪಸ್‌ನಿಂದ ಒಟ್ಟಿಗೆ ತಗೊಂಡವರಿಗೆ, ಪೇ ಸ್ಕೇಲ್ ಇರುವ ಬ್ಯಾಂಕು, ಸರ್ಕಾರಿ ಕೆಲಸಗಳಿಗೆ ಈ ಪತ್ರ ಉಪಯೋಗಕ್ಕೆ ಬರುವುದಿಲ್ಲ. ಸಹಿ ಮಾಡಿ ಕಳಿಸಿದ ಮೇಲೂ ಅಷ್ಟೇ. ಒಪ್ಪಿಕೊಂಡ ಮೇಲೆ ಜಾಸ್ತಿ ಕೇಳಿದವರ ಫೈಲಿನ ಮೇಲೆ ನಮ್ಮಲ್ಲಿ ಒಂದು ಕಣ್ಣು ಇದ್ದೇ ಇರುತ್ತದೆ.

ಫೋನ್ ಇಟ್ಟ ಕೂಡಲೇ ಆಡಿಟರ್‌ಗೆ ರಾಜೀನಾಮೆ ಕೊಡಲು ಹೊರಟಿದ್ದಳು. ತಡೆದೆ. ಮೊದಲು ಫೋನಿನಲ್ಲಿ ಆದ ಮಾತನ್ನೇ ಎರಡು ಸಾಲಿನಲ್ಲಿ ಬರೆದು, "ತಿದ್ದಿದ ಅನೆಕ್ಸರ್ ಬಂದ ಕೂಡಲೇ ಸಹಿ ಮಾಡಿ ಕಳಿಸುತ್ತೇನೆ" ಅಂತ ಮೇಲ್ ಹಾಕಿದಳು. ಬಂದ ಅನೆಕ್ಸರ್‌ನಲ್ಲಿ 26,978 ಸರಿಯಾಗಿತ್ತು, ವೇರಿಯಬಲ್ ಮಾತ್ರ ಹಳೆಯ 36,000ವೇ ಉಳಿದುಕೊಂಡು ಕೂಡಿದ ಮೊತ್ತ ತಪ್ಪಾಗಿತ್ತು. ಲೆಕ್ಕದವಳು ಅಲ್ವಾ, ಅವಳೇ ಹಿಡಿದಳು. ತಪ್ಪು ಅವಳಿಗೆ ಲಾಭದ ಕಡೆಗೇ ಇತ್ತು, ಆದರೂ ತಿಳಿಸಿ ಸರಿಮಾಡಿಸಿಕೊಂಡು, ಆಮೇಲೆ ಸಹಿ ಮಾಡಿ, ಮರುದಿನ ರಾಜೀನಾಮೆ ಕೊಟ್ಟಳು.